ಒಂದೇ ಫಂಡ್‌ಗೆ ಎರಡು ಅಂಕ: ಶಾರ್ಪ್ ನೋಡಬೇಕೇ, ಟ್ರೇನರ್ ನೋಡಬೇಕೇ?

ಮ್ಯೂಚುವಲ್ ಫಂಡ್‌ಗಳ ಪಟ್ಟಿ ಮುಂದಿಟ್ಟುಕೊಂಡು ಕೂತರೆ ಮೊದಲು ಕಣ್ಣಿಗೆ ಬೀಳೋದು ರಿಟರ್ನ್. ಯಾವುದು ಹೆಚ್ಚು ಕೊಟ್ಟಿದೆಯೋ ಅದೇ ಮೇಲೆ. ಆದರೆ 15% ಕೊಟ್ಟ ಫಂಡ್ ಆ ದಾರಿಯಲ್ಲಿ ಎಷ್ಟು ಏರಿಳಿಯಿತು ಅನ್ನೋದನ್ನು ರಿಟರ್ನ್ ಹೇಳೋದಿಲ್ಲ. ಸೆಬಿ ಕಡ್ಡಾಯ ಮಾಡಿರುವ ರಿಸ್ಕೋಮೀಟರ್ ಕೂಡ ಇಲ್ಲಿ ಹೆಚ್ಚು ಸಹಾಯಕ್ಕೆ ಬರೋದಿಲ್ಲ. ಅದರ ಮುಳ್ಳು ಬಹುತೇಕ ಎಲ್ಲ ಈಕ್ವಿಟಿ ಫಂಡ್‌ಗಳಿಗೂ 'ಅತಿ ಹೆಚ್ಚು' ಎಂಬಲ್ಲೇ ನಿಂತಿರುತ್ತೆ.

ಹಾಗಾಗಿ ರಿಟರ್ನನ್ನು ರಿಸ್ಕ್‌ನಿಂದ ಭಾಗಿಸಿ ನೋಡುವ ಅಳತೆಗಳು ಬಂದವು. ಅವುಗಳಲ್ಲಿ ಹಳೆಯವು, ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವವು ಎರಡು: ಶಾರ್ಪ್ ಅನುಪಾತ ಮತ್ತು ಟ್ರೇನರ್ ಅನುಪಾತ. ಸಮಸ್ಯೆ ಏನಂದ್ರೆ, ಅದೇ ಎರಡು ಫಂಡ್‌ಗಳನ್ನು ಶಾರ್ಪ್ ಒಂದು ಕ್ರಮದಲ್ಲಿ, ಟ್ರೇನರ್ ಅದಕ್ಕೆ ತಿರುಗುಮುರುಗಾದ ಕ್ರಮದಲ್ಲಿ ನಿಲ್ಲಿಸಬಹುದು. ಲೆಕ್ಕದಲ್ಲಿ ಎರಡೂ ಸರಿಯೇ. ನಿಮ್ಮ ಹಣಕ್ಕೆ ಯಾವುದು ಸರಿ ಅನ್ನೋದು ಮಾತ್ರ ಆ ಫಂಡ್ ನಿಮ್ಮ ಉಳಿತಾಯದಲ್ಲಿ ಎಷ್ಟು ಭಾಗ ಅನ್ನೋದರ ಮೇಲೆ ನಿಂತಿದೆ.

ಅಂಶ ಒಂದೇ, ಛೇದ ಬೇರೆ

ಎರಡೂ ಅನುಪಾತಗಳ ಮೇಲ್ಭಾಗದಲ್ಲಿ ಇರೋದು ಒಂದೇ ಸಂಖ್ಯೆ: ಹೆಚ್ಚುವರಿ ಗಳಿಕೆ. ಅಂದ್ರೆ, ಏನೂ ರಿಸ್ಕ್ ತೆಗೆದುಕೊಳ್ಳದೆ ಸಿಗಬಹುದಾಗಿದ್ದ ಬಡ್ಡಿಯನ್ನು ಕಳೆದ ಮೇಲೆ ಫಂಡ್ ಎಷ್ಟು ಹೆಚ್ಚು ಗಳಿಸಿತು ಎಂಬುದು. ರಿಸ್ಕ್ ಇಲ್ಲದ ಬಡ್ಡಿ ಅಂತ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಸರ್ಕಾರದ ಟ್ರೆಷರಿ ಬಿಲ್ ದರವನ್ನು ಹಿಡಿಯುತ್ತವೆ. ನಮ್ಮ ಫಂಡ್ ಕಂಪನಿಗಳ ಫ್ಯಾಕ್ಟ್‌ಶೀಟ್‌ಗಳಲ್ಲಿ ಬ್ಯಾಂಕುಗಳ ನಡುವಿನ ಒಂದು ರಾತ್ರಿಯ ಸಾಲದ ದರ, ಅಂದ್ರೆ ಓವರ್‌ನೈಟ್ ಮೈಬಾರ್, ಹಿಡಿಯೋದು ರೂಢಿ. ಯಾವ ದರ ಹಿಡಿದಿದ್ದಾರೆ ಅಂತ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ.

ವ್ಯತ್ಯಾಸ ಇರೋದು ಕೆಳಭಾಗದಲ್ಲಿ.

ಶಾರ್ಪ್ = ಹೆಚ್ಚುವರಿ ಗಳಿಕೆ ÷ ಸ್ಟ್ಯಾಂಡರ್ಡ್ ಡೀವಿಯೇಷನ್

ಟ್ರೇನರ್ = ಹೆಚ್ಚುವರಿ ಗಳಿಕೆ ÷ ಬೀಟಾ

ಸ್ಟ್ಯಾಂಡರ್ಡ್ ಡೀವಿಯೇಷನ್ ಫಂಡ್‌ನ ಒಟ್ಟು ಏರಿಳಿತವನ್ನು ಅಳೆಯುತ್ತೆ. ಅದು ಏಕೆ ಏರಿತು, ಏಕೆ ಇಳಿಯಿತು ಅಂತ ಕೇಳೋದಿಲ್ಲ. ಇಡೀ ಮಾರುಕಟ್ಟೆ ಬಿದ್ದಿದ್ದಕ್ಕೆ ಬಿದ್ದರೂ ಲೆಕ್ಕಕ್ಕೆ ಬರುತ್ತೆ, ಫಂಡ್ ಹಿಡಿದಿದ್ದ ಒಂದೆರಡು ಕಂಪನಿಗಳು ಎಡವಿದ್ದಕ್ಕೆ ಬಿದ್ದರೂ ಲೆಕ್ಕಕ್ಕೆ ಬರುತ್ತೆ.

ಬೀಟಾ ಹಾಗಲ್ಲ. ಮಾರುಕಟ್ಟೆ 1% ಅಲುಗಿದಾಗ ಫಂಡ್ ಸರಾಸರಿ ಎಷ್ಟು ಅಲುಗುತ್ತೆ ಅನ್ನೋದಷ್ಟೇ ಅದರ ಪ್ರಶ್ನೆ. ಬೀಟಾ 1 ಇದ್ದರೆ ಮಾರುಕಟ್ಟೆಯಷ್ಟೇ, 0.7 ಇದ್ದರೆ ಅದಕ್ಕಿಂತ ಕಡಿಮೆ, 1.2 ಇದ್ದರೆ ಹೆಚ್ಚು. ಮಾರುಕಟ್ಟೆಗೆ ಸಂಬಂಧವಿಲ್ಲದೆ, ಫಂಡ್‌ನ ಸ್ವಂತ ಕಾರಣಕ್ಕೆ ಆದ ಏರಿಳಿತ ಬೀಟಾದ ಕಣ್ಣಿಗೆ ಬೀಳೋದೇ ಇಲ್ಲ.

ಹಾಗಾದರೆ ಅದನ್ನು ಬೇಕಂತಲೇ ಬಿಟ್ಟಿದ್ದು ಯಾಕೆ? ಜಾಕ್ ಟ್ರೇನರ್ 1965ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಈ ಅಳತೆ ಮುಂದಿಟ್ಟಾಗ ಅದರ ಹಿಂದಿದ್ದ ತರ್ಕ ಹೀಗಿತ್ತು: ಒಂದೊಂದು ಕಂಪನಿಯ, ಒಂದೊಂದು ಕ್ಷೇತ್ರದ ಸ್ವಂತ ರಿಸ್ಕನ್ನು ಹೂಡಿಕೆದಾರ ಹಲವೆಡೆ ಹಣ ಹಂಚಿ ತೊಡೆದುಹಾಕಬಹುದು. ತೊಡೆಯಲು ಸಾಧ್ಯವಾಗದೆ ಉಳಿಯೋದು ಇಡೀ ಮಾರುಕಟ್ಟೆಯ ರಿಸ್ಕ್ ಮಾತ್ರ. ಪ್ರತಿಫಲ ಸಿಗಬೇಕಾದದ್ದು ಅದಕ್ಕೆ. ಮರುವರ್ಷ, 1966ರಲ್ಲಿ, ವಿಲಿಯಂ ಶಾರ್ಪ್ ಅಮೆರಿಕದ 34 ಫಂಡ್‌ಗಳ 1954ರಿಂದ 1963ರವರೆಗಿನ ಸಾಧನೆಯನ್ನು ಒಟ್ಟು ಏರಿಳಿತದಿಂದ ಭಾಗಿಸಿ ನೋಡಿದರು. ಆ 34ರಲ್ಲಿ ಡೌ ಜೋನ್ಸ್ ಸೂಚ್ಯಂಕವನ್ನು ಮೀರಿಸಿದ್ದು 11 ಮಾತ್ರ. ಶಾರ್ಪ್ ಅವರಿಗೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೆಯಾಗಿ ಬಂತು.

ಟ್ರೇನರ್ ತರ್ಕದಲ್ಲಿ ಒಂದು ಷರತ್ತು ಅಡಗಿದೆ ಗಮನಿಸಿ: 'ಹಲವೆಡೆ ಹಣ ಹಂಚಿದ್ದರೆ'. ನೀವು ಹಂಚಿಲ್ಲದಿದ್ದರೆ ಆ ಸ್ವಂತ ರಿಸ್ಕ್ ಎಲ್ಲೂ ಹೋಗಿರೋದಿಲ್ಲ, ನಿಮ್ಮ ಹತ್ತಿರವೇ ಇರುತ್ತೆ.

ಎರಡು ಫಂಡ್‌ಗಳ ಲೆಕ್ಕ

ಈಗ ಒಂದು ಉದಾಹರಣೆ ತಗೊಳ್ಳೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ಕಲ್ಪಿಸಿದವು, ಯಾವುದೇ ನಿಜವಾದ ಸ್ಕೀಮ್‌ನದ್ದಲ್ಲ. ರಿಸ್ಕ್ ಇಲ್ಲದ ದರ 6.5% ಅಂತಿಟ್ಟುಕೊಳ್ಳಿ. ಮಾರುಕಟ್ಟೆ ಸೂಚ್ಯಂಕ ವರ್ಷಕ್ಕೆ 12.5% ಕೊಟ್ಟಿದೆ, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ 14%.

ಮೊದಲನೆಯದು ಎಲ್ಲ ಕ್ಷೇತ್ರಗಳಲ್ಲೂ ಹಣ ಹಾಕುವ ಫ್ಲೆಕ್ಸಿಕ್ಯಾಪ್ ಫಂಡ್. ಎರಡನೆಯದು ಔಷಧ ಕಂಪನಿಗಳಲ್ಲಿ ಮಾತ್ರ ಹಣ ಹಾಕುವ ಫಾರ್ಮಾ ಫಂಡ್. ಸೆಬಿಯ 2017ರ ವರ್ಗೀಕರಣದ ಪ್ರಕಾರ ಇಂಥ ಕ್ಷೇತ್ರ ಫಂಡ್ ತನ್ನ ಹಣದ ಕನಿಷ್ಠ 80% ಅದೇ ಕ್ಷೇತ್ರದಲ್ಲಿ ಇಡಬೇಕು. ಅಂದ್ರೆ ಆ ಕ್ಷೇತ್ರ ಕೆಟ್ಟರೂ ಮ್ಯಾನೇಜರ್ ಓಡಿಹೋಗುವ ಹಾಗಿಲ್ಲ.

| | ಫ್ಲೆಕ್ಸಿಕ್ಯಾಪ್ | ಫಾರ್ಮಾ |
|---|---|---|
| ವಾರ್ಷಿಕ ರಿಟರ್ನ್ | 14.0% | 14.9% |
| ಹೆಚ್ಚುವರಿ ಗಳಿಕೆ | 7.5 | 8.4 |
| ಸ್ಟ್ಯಾಂಡರ್ಡ್ ಡೀವಿಯೇಷನ್ | 15% | 21% |
| ಬೀಟಾ | 1.0 | 0.7 |
| ಶಾರ್ಪ್ | 0.50 | 0.40 |
| ಟ್ರೇನರ್ | 7.5 | 12.0 |

ಮಾರುಕಟ್ಟೆಯ ಶಾರ್ಪ್ 6ನ್ನು 14ರಿಂದ ಭಾಗಿಸಿದರೆ 0.43, ಟ್ರೇನರ್ 6. ಟ್ರೇನರ್ ಪ್ರಕಾರ ಫಾರ್ಮಾ ಫಂಡ್ ಮಾರುಕಟ್ಟೆಗಿಂತ ಎರಡು ಪಟ್ಟು ಚೆನ್ನಾಗಿದೆ, ಫ್ಲೆಕ್ಸಿಕ್ಯಾಪ್ ಅದರ ಹತ್ತಿರಕ್ಕೂ ಬರೋದಿಲ್ಲ. ಶಾರ್ಪ್ ಪ್ರಕಾರ ಅದೇ ಫಾರ್ಮಾ ಫಂಡ್ ಮಾರುಕಟ್ಟೆಗಿಂತಲೂ ಕೆಳಗಿದೆ. ಶಾರ್ಪ್‌ನ ಅಂಕವನ್ನು ಟ್ರೇನರ್‌ನ ಅಂಕದ ಜೊತೆ ಹೋಲಿಸಬಾರದು, ಎರಡರ ಅಳತೆಗೋಲು ಬೇರೆ. ಹೋಲಿಸಬೇಕಾದದ್ದು ಫಂಡ್‌ಗಳ ಕ್ರಮವನ್ನು.

ಈ ತಿರುವು ಬಂದಿದ್ದು ಎಲ್ಲಿಂದ? ಫಾರ್ಮಾ ಫಂಡ್‌ನ 21% ಏರಿಳಿತವನ್ನು ಬಿಡಿಸಿ ನೋಡಿ. ಮಾರುಕಟ್ಟೆಯಿಂದ ಬಂದ ಪಾಲು 0.7 × 14 = 9.8%. ಉಳಿದದ್ದನ್ನು ನೇರವಾಗಿ ಕಳೆಯುವಂತಿಲ್ಲ, ವರ್ಗಗಳನ್ನು ಕಳೆದು ವರ್ಗಮೂಲ ತೆಗೆಯಬೇಕು. 441ರಲ್ಲಿ 96 ಕಳೆದರೆ 345, ಅದರ ವರ್ಗಮೂಲ ಸುಮಾರು 18.6. ಇಷ್ಟೂ ಔಷಧ ಕ್ಷೇತ್ರದ ಸ್ವಂತ ರಿಸ್ಕ್. ಫ್ಲೆಕ್ಸಿಕ್ಯಾಪ್‌ನಲ್ಲಿ ಅದೇ ಲೆಕ್ಕ ಮಾಡಿದರೆ ಸ್ವಂತ ರಿಸ್ಕ್ ಸುಮಾರು 5.4 ಮಾತ್ರ. ಟ್ರೇನರ್ ಈ 18.6ನ್ನು ಶೂನ್ಯ ಅಂತ ಹಿಡಿಯುತ್ತೆ, ಶಾರ್ಪ್ ಪೂರ್ತಿಯಾಗಿ ಹಿಡಿಯುತ್ತೆ.

ರೂಪಾಯಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ತೀರಾ ಕೆಟ್ಟ ವರ್ಷಕ್ಕೆ ಸ್ಥೂಲ ಅಂದಾಜಾಗಿ ಸರಾಸರಿ ರಿಟರ್ನ್‌ನಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕಳೆಯೋದುಂಟು. 10 ಲಕ್ಷ ಇಟ್ಟವರಿಗೆ ಫ್ಲೆಕ್ಸಿಕ್ಯಾಪ್‌ನಲ್ಲಿ ಅಂಥ ವರ್ಷದ ನಷ್ಟ ಸುಮಾರು 1.6 ಲಕ್ಷ, ಫಾರ್ಮಾದಲ್ಲಿ ಸುಮಾರು 2.7 ಲಕ್ಷ. 'ಬೀಟಾ ಬರೀ 0.7, ಸೇಫು' ಅಂತ ಮಾರಿದ ಫಂಡ್‌ನ ಕಥೆ ಇದು.

ಕಡಿಮೆ ಬೀಟಾ ಕಾಪಾಡಲಿಲ್ಲ

ಇದು ಬರೀ ಕಾಗದದ ಮೇಲಿನ ಆತಂಕ ಅಲ್ಲ. ನಿಫ್ಟಿ ಫಾರ್ಮಾ ಸೂಚ್ಯಂಕ 2015ರ ಏಪ್ರಿಲ್‌ನಲ್ಲಿ ಶಿಖರ ಮುಟ್ಟಿತು. ಆಮೇಲೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಯುಎಸ್‌ಎಫ್‌ಡಿಎ ನಮ್ಮ ಕಾರ್ಖಾನೆಗಳಿಗೆ ಒಂದರ ಹಿಂದೊಂದು ಎಚ್ಚರಿಕೆ ಪತ್ರ ಕೊಟ್ಟಿತು, ಅಮೆರಿಕದಲ್ಲಿ ಜೆನೆರಿಕ್ ಔಷಧಗಳ ಬೆಲೆ ಕುಸಿಯಿತು. ಸೂಚ್ಯಂಕ ವರ್ಷಗಟ್ಟಲೆ ಇಳಿಜಾರಿನಲ್ಲೇ ಸಾಗಿತು. ಅದೇ ಅವಧಿಯಲ್ಲಿ ನಿಫ್ಟಿ 50 ಸುಮಾರು 8,500ರ ಆಸುಪಾಸಿನಿಂದ ಹೊರಟು 2019ರಲ್ಲಿ 12,000 ದಾಟಿತು. 2020ರಲ್ಲಿ ಕೋವಿಡ್ ಬಂದಾಗ ಲೆಕ್ಕ ಉಲ್ಟಾ ಆಯ್ತು: ಆ ವರ್ಷ ಔಷಧ ಷೇರುಗಳು ಮಾರುಕಟ್ಟೆಯನ್ನು ಬಹಳ ಹಿಂದೆ ಬಿಟ್ಟು ಏರಿದವು.

ಮಾರುಕಟ್ಟೆ ಏರುವಾಗ ಇಳಿಯೋದು, ತತ್ತರಿಸಿದ ವರ್ಷದಲ್ಲಿ ಏರೋದು: ಇಂಥ ನಡೆಯಿಂದಲೇ ಬೀಟಾ ಕಡಿಮೆ ಬರೋದು. ಕಡಿಮೆ ಬೀಟಾ ಅಂದ್ರೆ 'ಕಡಿಮೆ ಬೀಳುತ್ತೆ' ಅಂತಲ್ಲ, 'ಮಾರುಕಟ್ಟೆಯ ಜೊತೆ ಬೀಳೋದಿಲ್ಲ, ತನ್ನದೇ ಕಾರಣಕ್ಕೆ ತನ್ನದೇ ಹೊತ್ತಿನಲ್ಲಿ ಬೀಳುತ್ತೆ' ಅಂತ. 2015ರಲ್ಲಿ ಉಳಿತಾಯವೆಲ್ಲ ಫಾರ್ಮಾಕ್ಕೆ ಹಾಕಿ, 2018ರಲ್ಲಿ ಮಗಳ ಕಾಲೇಜು ಫೀಸಿಗೆ ತೆಗೆಯಬೇಕಿದ್ದವರಿಗೆ ಟ್ರೇನರ್ ಅಂಕದಿಂದ ಏನೂ ಉಪಯೋಗವಿರಲಿಲ್ಲ.

ಹಾಗಾದರೆ ಟ್ರೇನರ್ ಯಾರಿಗೆ?

ಈಗಾಗಲೇ ಹಣವನ್ನು ಚೆನ್ನಾಗಿ ಹಂಚಿರುವವರಿಗೆ. ಅದೇ ಎರಡು ಫಂಡ್‌ಗಳನ್ನು ಬೆರೆಸಿ ನೋಡೋಣ. ಎರಡರ ಸ್ವಂತ ರಿಸ್ಕ್‌ಗಳಿಗೆ ಪರಸ್ಪರ ಸಂಬಂಧವಿಲ್ಲ ಅಂತ ಹಿಡಿದರೆ, ಒಟ್ಟು ಹಣದಲ್ಲಿ ಫಾರ್ಮಾ ಪಾಲು ಬದಲಾದಂತೆ ಶಾರ್ಪ್ ಹೀಗೆ ಬದಲಾಗುತ್ತೆ:

| ಫಾರ್ಮಾ ಪಾಲು | ಇಡೀ ಹೂಡಿಕೆಯ ಏರಿಳಿತ | ಇಡೀ ಹೂಡಿಕೆಯ ಶಾರ್ಪ್ |
|---|---|---|
| 0% | 15.0% | 0.50 |
| 10% | 14.5% | 0.52 |
| 20% | 14.3% | 0.54 |
| 50% | 15.3% | 0.52 |
| 100% | 21.0% | 0.40 |

ಒಂಟಿಯಾಗಿ 21% ಏರಿಳಿಯುವ ಫಂಡನ್ನು ಸೇರಿಸಿದ ಮೇಲೆ ಇಡೀ ಹೂಡಿಕೆಯ ಏರಿಳಿತ 15ರಿಂದ 14.3ಕ್ಕೆ ಇಳಿಯಿತು. ಪಾಲು ಚಿಕ್ಕದಿದ್ದಾಗ ಫಾರ್ಮಾದ ಸ್ವಂತ ಏರಿಳಿತ ಉಳಿದದ್ದರ ನಡುವೆ ಕರಗಿಹೋಗುತ್ತೆ, ಅದರ ಕಡಿಮೆ ಬೀಟಾ ಮಾತ್ರ ಕೆಲಸ ಮಾಡುತ್ತೆ. ಟ್ರೇನರ್ ಹೇಳಿದ್ದು ಇದನ್ನೇ. ಪಾಲು ದೊಡ್ಡದಾದಂತೆ ಆ ಸ್ವಂತ ರಿಸ್ಕ್ ಮತ್ತೆ ತಲೆ ಎತ್ತುತ್ತೆ, ಕೊನೆಗೆ ಶಾರ್ಪ್ ಹೇಳಿದ್ದು ನಿಜವಾಗುತ್ತೆ.

ಇದರಿಂದ ಸಿಗುವ ನಿಯಮ ಸರಳ. ಆ ಫಂಡ್ ನಿಮ್ಮ ಈಕ್ವಿಟಿ ಹಣದ ಬಹುಪಾಲು ಆಗೋದಾದರೆ ಶಾರ್ಪ್ ನೋಡಿ. ಹಂಚಿದ ಹೂಡಿಕೆಗೆ ಹೊಸದಾಗಿ ಸೇರಿಸುವ ಒಂದು ಚಿಕ್ಕ ಪಾಲು ಆದರೆ ಟ್ರೇನರ್ ನೋಡಿ. ಮೇಜಿನ ಮೇಲೆ ಎರಡೂ ಫ್ಲೆಕ್ಸಿಕ್ಯಾಪ್ ಥರದ ವಿಶಾಲ ಫಂಡ್‌ಗಳೇ ಇದ್ದರೆ ಎರಡೂ ಅನುಪಾತಗಳು ಸಾಮಾನ್ಯವಾಗಿ ಒಂದೇ ಕ್ರಮ ಕೊಡುತ್ತವೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಕ್ರಮ ಬೇರೆಯಾದರೆ ಅದೇ ಒಂದು ಸುದ್ದಿ: ಅಲ್ಲೆಲ್ಲೋ ಸ್ವಂತ ರಿಸ್ಕ್ ಹೆಚ್ಚಿದೆ ಅಂತ.

'ನನ್ನ ಹಣ ಹಂಚಿದೆ' ಅಂತ ಹೇಳುವಾಗ ಎರಡು ಕಡೆ ಎಡವೋದುಂಟು. ಒಂದು, ಬ್ಯಾಂಕ್ ಠೇವಣಿ. 'ಅರ್ಧ ಎಫ್‌ಡಿಯಲ್ಲಿದೆ, ಅರ್ಧ ಮಾತ್ರ ಫಾರ್ಮಾ' ಅನ್ನೋದು ಈ ಅರ್ಥದಲ್ಲಿ ಹಂಚಿದ್ದಲ್ಲ. ಎಫ್‌ಡಿ ಬಡ್ಡಿ ರಿಸ್ಕ್ ಇಲ್ಲದ ದರದಷ್ಟೇ ಅಂದುಕೊಂಡರೆ, ಹೆಚ್ಚುವರಿ ಗಳಿಕೆ 8.4ರಿಂದ 4.2ಕ್ಕೆ, ಏರಿಳಿತ 21ರಿಂದ 10.5ಕ್ಕೆ ಇಳಿಯುತ್ತೆ. ಶಾರ್ಪ್ ಮಾತ್ರ ಅದೇ 0.40. ರಿಸ್ಕ್ ಕಡಿಮೆ ಆಯ್ತು, ಆದರೆ ತೆಗೆದುಕೊಂಡ ರಿಸ್ಕ್‌ಗೆ ಸಿಗುವ ಕೂಲಿ ಸುಧಾರಿಸಲಿಲ್ಲ. ಎರಡು, ಸಂಬಳ. ಬೆಂಗಳೂರಿನಲ್ಲಿ ಐಟಿ ಕೆಲಸ, ಕೈಯಲ್ಲಿ ಕಂಪನಿಯ ಷೇರು, ಮೇಲೆ ಒಂದು ಟೆಕ್ನಾಲಜಿ ಫಂಡ್ ಇದ್ದರೆ, ಫಂಡ್‌ನ ಪಾಲು 10% ಅಂತ ಕಂಡರೂ ಸ್ವಂತ ರಿಸ್ಕ್ ಒಂದೇ ಬುಟ್ಟಿಯಲ್ಲಿ ಮೂರು ಸಲ ಕೂತಿರುತ್ತೆ. ಮೇಲಿನ ಕೋಷ್ಟಕದ 'ಪರಸ್ಪರ ಸಂಬಂಧವಿಲ್ಲ' ಎಂಬ ಷರತ್ತು ಅಲ್ಲಿ ಮುರಿದುಬೀಳುತ್ತೆ.

ಫ್ಯಾಕ್ಟ್‌ಶೀಟ್‌ನ ಬೀಟಾ ಯಾರ ಬೀಟಾ?

ಟ್ರೇನರ್ ಲೆಕ್ಕ ಹಾಕುವವರು ಎಡವುವ ದೊಡ್ಡ ಜಾಗ ಇದು. ಫ್ಯಾಕ್ಟ್‌ಶೀಟ್‌ಗಳಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್, ಬೀಟಾ, ಶಾರ್ಪ್ ಸಾಮಾನ್ಯವಾಗಿ ಕೊಟ್ಟಿರುತ್ತಾರೆ, ಬಹುತೇಕ ಮೂರು ವರ್ಷಗಳ ಮಾಸಿಕ ರಿಟರ್ನ್ ಹಿಡಿದು. ಟ್ರೇನರ್ ಎಲ್ಲರೂ ಕೊಡೋದಿಲ್ಲ. ಸರಿ, ಬೀಟಾ ಇದೆಯಲ್ಲ, ನಾವೇ ಭಾಗಿಸೋಣ ಅನ್ನಿಸುತ್ತೆ. ಆದರೆ ಆ ಬೀಟಾ ಆಯಾ ಸ್ಕೀಮ್‌ನ ಸ್ವಂತ ಬೆಂಚ್‌ಮಾರ್ಕ್ ವಿರುದ್ಧ ಲೆಕ್ಕ ಹಾಕಿದ್ದು. ಫಾರ್ಮಾ ಫಂಡ್‌ನ ಬೆಂಚ್‌ಮಾರ್ಕ್ ಒಂದು ಫಾರ್ಮಾ ಅಥವಾ ಹೆಲ್ತ್‌ಕೇರ್ ಸೂಚ್ಯಂಕ. ಅದರ ವಿರುದ್ಧ ಬೀಟಾ 0.95ರ ಹತ್ತಿರ ಬರೋದು ಸಹಜ. ಆಗ ನಮ್ಮ ಉದಾಹರಣೆಯ ಟ್ರೇನರ್ 12 ಅಲ್ಲ, 8.4 ÷ 0.95, ಅಂದ್ರೆ ಸುಮಾರು 8.8. ಅದು ಮಾರುಕಟ್ಟೆ ರಿಸ್ಕ್‌ಗೆ ಸಿಕ್ಕ ಪ್ರತಿಫಲವೇ ಅಲ್ಲ, ಫಾರ್ಮಾ ರಿಸ್ಕ್‌ಗೆ ಸಿಕ್ಕಿದ್ದು. ಎರಡು ಬೇರೆ ಬೆಂಚ್‌ಮಾರ್ಕ್‌ಗಳ ಬೀಟಾ ಹಿಡಿದು ಟ್ರೇನರ್ ಹೋಲಿಸೋದು ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ತೂಗಿದ ಹಾಗೆ.

ಪರಿಹಾರ, ಎಲ್ಲ ಫಂಡ್‌ಗಳಿಗೂ ಒಂದೇ ವಿಶಾಲ ಸೂಚ್ಯಂಕ ಹಿಡಿದು ಬೀಟಾ ನೀವೇ ತೆಗೆಯೋದು. ಎನ್‌ಎವಿ ಇತಿಹಾಸ ಆಂಫಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ನಿಫ್ಟಿ 500ರಂಥ ಸೂಚ್ಯಂಕದ ಟೋಟಲ್ ರಿಟರ್ನ್ ಅಂಕಿಗಳು, ಅಂದ್ರೆ ಡಿವಿಡೆಂಡ್ ಸೇರಿಸಿದವು, ಎನ್‌ಎಸ್‌ಇಯ ಸೂಚ್ಯಂಕ ತಾಣದಲ್ಲಿವೆ. 37 ತಿಂಗಳ ಕೊನೆಯ ದಿನದ ಅಂಕಿ ತೆಗೆದುಕೊಂಡರೆ 36 ಮಾಸಿಕ ರಿಟರ್ನ್ ಸಿಗುತ್ತೆ. ಫಂಡ್‌ನ ರಿಟರ್ನ್ D ಕಾಲಂನಲ್ಲಿ, ಸೂಚ್ಯಂಕದ್ದು E ಕಾಲಂನಲ್ಲಿ ಇಟ್ಟು ಸ್ಪ್ರೆಡ್‌ಶೀಟ್‌ನಲ್ಲಿ ಇಷ್ಟು ಬರೆಯಿರಿ:

```
=STDEV.S(D2:D37)*SQRT(12)
=SLOPE(D2:D37, E2:E37)
=RSQ(D2:D37, E2:E37)
```

ಮೊದಲನೆಯದು ವಾರ್ಷಿಕ ಸ್ಟ್ಯಾಂಡರ್ಡ್ ಡೀವಿಯೇಷನ್, ಎರಡನೆಯದು ಬೀಟಾ. ಮೂರನೆಯದು ಆರ್-ಸ್ಕ್ವೇರ್: ಫಂಡ್‌ನ ಏರಿಳಿತದಲ್ಲಿ ಎಷ್ಟು ಪಾಲನ್ನು ಮಾರುಕಟ್ಟೆ ವಿವರಿಸುತ್ತೆ ಅನ್ನೋದು. ನಮ್ಮ ಫ್ಲೆಕ್ಸಿಕ್ಯಾಪ್‌ಗೆ ಅದು 0.87, ಫಾರ್ಮಾಕ್ಕೆ 0.22 ಮಾತ್ರ. ಆರ್-ಸ್ಕ್ವೇರ್ ಇಷ್ಟು ಕಡಿಮೆ ಇದ್ದಾಗ ಬೀಟಾ ಅನ್ನೋದು ಚದುರಿದ ಚುಕ್ಕಿಗಳ ನಡುವೆ ಹೇಗೋ ಎಳೆದ ಗೆರೆ. ಅವಧಿ ಆರು ತಿಂಗಳು ಹಿಂದೆ ಮುಂದೆ ಸರಿದರೆ 0.7 ಇದ್ದದ್ದು 0.5 ಆಗಬಹುದು, 0.9 ಆಗಬಹುದು. ಅದರಿಂದ ಭಾಗಿಸಿದ ಟ್ರೇನರ್ 16.8ರಿಂದ 9.3ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಹಾಗಾಗಿ ಟ್ರೇನರ್ ನೋಡುವಾಗ ಪಕ್ಕದಲ್ಲೇ ಆರ್-ಸ್ಕ್ವೇರ್ ನೋಡಿ.

ಶಾರ್ಪ್ ಕೂಡ ಎಡವುವಲ್ಲಿ

ಶಾರ್ಪ್‌ಗೂ ಅದರದೇ ಮಿತಿಗಳಿವೆ. ಮಾರುಕಟ್ಟೆ ಕೆಟ್ಟು ಫಂಡ್‌ನ ಹೆಚ್ಚುವರಿ ಗಳಿಕೆ ಮೈನಸ್‌ಗೆ ಹೋದಾಗ ಅದು ಉಲ್ಟಾ ಹೇಳುತ್ತೆ. ಎರಡು ಫಂಡ್‌ಗಳೂ ರಿಸ್ಕ್ ಇಲ್ಲದ ದರಕ್ಕಿಂತ 3% ಕಡಿಮೆ ಗಳಿಸಿವೆ ಅಂದುಕೊಳ್ಳಿ. ಏರಿಳಿತ 15 ಇರುವ ಫಂಡ್‌ಗೆ −0.20, 21 ಇರುವ ಫಂಡ್‌ಗೆ −0.14 ಬರುತ್ತೆ. ಅಷ್ಟೇ ಕಳೆದು, ಜಾಸ್ತಿ ಕುಲುಕಿದ ಫಂಡ್ 'ಉತ್ತಮ' ಅಂತ ಕಾಣುತ್ತೆ. ಅಂಥ ಅವಧಿಯ ಮೈನಸ್ ಅಂಕಗಳನ್ನು ಹೋಲಿಸಲೇಬಾರದು.

ಇನ್ನೊಂದು, ಅಂಕಗಳ ನಡುವಿನ ಸಣ್ಣ ಅಂತರ. ಮೂರು ವರ್ಷಗಳ ಅಂಕಿಗಳಿಂದ ತೆಗೆದ ಶಾರ್ಪ್‌ನಲ್ಲಿ ಸಂಖ್ಯಾಶಾಸ್ತ್ರದ ಪ್ರಕಾರ ಸುಮಾರು 0.6ರಷ್ಟು ಅನಿಶ್ಚಿತತೆ ಇರುತ್ತೆ. 0.50 ಅಂತ ಕಂಡ ಫಂಡ್‌ನ 'ನಿಜವಾದ' ಅಂಕ ಸೊನ್ನೆಯೂ ಇರಬಹುದು, ಒಂದೂ ಇರಬಹುದು. ಒಂದೇ ವರ್ಗದ ಎರಡು ಫಂಡ್‌ಗಳು ಜೊತೆಜೊತೆಯಾಗಿ ಅಲುಗುವುದರಿಂದ ಅವುಗಳ ನಡುವಿನ ಅಂತರದ ಅನಿಶ್ಚಿತತೆ ಇದಕ್ಕಿಂತ ಕಡಿಮೆ ನಿಜ. ಆದರೂ 0.52 ಇರುವ ಫಂಡ್ ಬಿಟ್ಟು 0.55 ಇರುವುದಕ್ಕೆ ಹಾರಿ, ಎಕ್ಸಿಟ್ ಲೋಡ್ ಮತ್ತು ಬಂಡವಾಳ ಲಾಭದ ತೆರಿಗೆ ಕಟ್ಟೋದರಲ್ಲಿ ಅರ್ಥವಿಲ್ಲ. ಹೋಲಿಸುವ ಮುನ್ನ ಅವಧಿ ಒಂದೇನಾ, ರಿಸ್ಕ್ ಇಲ್ಲದ ದರ ಒಂದೇನಾ, ಎರಡೂ ಡೈರೆಕ್ಟ್ ಪ್ಲಾನ್ ಅಥವಾ ಎರಡೂ ರೆಗ್ಯುಲರ್ ಪ್ಲಾನ್ ಅಂಕಿಗಳೇನಾ ಅಂತ ನೋಡಿಕೊಳ್ಳಿ. ಡೈರೆಕ್ಟ್ ಪ್ಲಾನ್‌ನಲ್ಲಿ ಕಮಿಷನ್ ಇಲ್ಲದ್ದರಿಂದ ರಿಟರ್ನ್ ತುಸು ಹೆಚ್ಚು, ಏರಿಳಿತ ಬಹುತೇಕ ಅಷ್ಟೇ. ಅದಕ್ಕೇ ಅದೇ ಫಂಡ್‌ನ ಡೈರೆಕ್ಟ್ ಪ್ಲಾನ್‌ನ ಶಾರ್ಪ್ ರೆಗ್ಯುಲರ್‌ಗಿಂತ ಮೇಲಿರುತ್ತೆ.

ಕೊನೆಗೆ, ಯಾರಾದರೂ ಕ್ಷೇತ್ರ ಫಂಡ್ ಒಂದರ ಟ್ರೇನರ್ ಅಥವಾ ಬೀಟಾ ತೋರಿಸಿ 'ರಿಸ್ಕ್ ಕಡಿಮೆ, ರಿಟರ್ನ್ ಜಾಸ್ತಿ' ಅಂದರೆ ಮೂರು ಪ್ರಶ್ನೆ ಕೇಳಿ. ಬೀಟಾ ಯಾವ ಸೂಚ್ಯಂಕದ ವಿರುದ್ಧ? ಆರ್-ಸ್ಕ್ವೇರ್ ಎಷ್ಟು? ನನ್ನ ಒಟ್ಟು ಈಕ್ವಿಟಿ ಹಣದಲ್ಲಿ ಇದರ ಪಾಲು ಎಷ್ಟಾಗುತ್ತೆ? ಮೂರನೆಯದಕ್ಕೆ ಉತ್ತರ 'ಹತ್ತು–ಹದಿನೈದು ಪರ್ಸೆಂಟ್' ಅಂತಿದ್ದು, ಮೊದಲೆರಡಕ್ಕೂ ನೇರ ಉತ್ತರ ಸಿಕ್ಕರೆ ಟ್ರೇನರ್ ಮಾತಿಗೆ ಬೆಲೆ ಕೊಡಬಹುದು. ಉತ್ತರ 'ಬಹುಪಾಲು' ಅಂತಾದರೆ ಆ ಪುಟ ಮಗುಚಿ, ಶಾರ್ಪ್ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಇರುವ ಸಾಲು ನೋಡಿ. ಯಾಕಂದ್ರೆ ಆಗ ಆ ಫಂಡ್‌ನ ಪೂರ್ತಿ ಏರಿಳಿತ ನಿಮ್ಮದೇ.